ಮೂರೂವರೆ ತಿಂಗಳಿನ ದೇಶ

ಹನ್ನೊಂದು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಹೆಚ್ಚು ಕಡಿಮೆ ಒಂದೇ ಒಂದು ಭಾಗಾಕಾರಕ್ಕೆ. ಒಂದು ದೇಶದ ಕೈಯಲ್ಲಿರುವ ವಿದೇಶಿ ವಿನಿಮಯ ಮೀಸಲು ಎಷ್ಟು, ಆ ದೇಶ ತಿಂಗಳಿಗೆ ಹೊರಗಿನಿಂದ ತರಿಸಿಕೊಳ್ಳುವ ಸರಕಿನ ಬೆಲೆ ಎಷ್ಟು ಎಂದು ನೋಡುವುದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಬಂದ ಉತ್ತರ ತಿಂಗಳುಗಳಲ್ಲಿರುತ್ತದೆ. ನಾಳೆಯಿಂದ ಹೊರಗಿನ ಒಂದು ಡಾಲರೂ ಒಳಗೆ ಬರದಿದ್ದರೆ ಆ ದೇಶ ಎಷ್ಟು ತಿಂಗಳು ತನ್ನ ಎಣ್ಣೆಗೆ, ಗೋಧಿಗೆ, ಔಷಧಿಗೆ ದುಡ್ಡು ಕೊಟ್ಟೀತು ಎಂಬ ಅಂದಾಜು ಅದು. ಮೂರು ತಿಂಗಳಿಗೆ ಸಾಕಾಗುವಷ್ಟಿದ್ದರೆ ಚಿಂತೆಯಿಲ್ಲ ಎನ್ನುವುದು ಈ ಕಸುಬಿನ ಹಳೆಯ ವಾಡಿಕೆ. ಮೂರೇ ಏಕೆ, ಎರಡೂವರೆ ಏಕಲ್ಲ ಎಂದು ಕೇಳಿದರೆ ನಮ್ಮಲ್ಲಿ ಯಾರ ಹತ್ತಿರವೂ ಗಟ್ಟಿಯಾದ ಉತ್ತರ ಇರಲಿಲ್ಲ. ಎಲ್ಲರೂ ಹಾಗೇ ನೋಡುತ್ತಾರೆ, ನಾವೂ ಹಾಗೇ ನೋಡುತ್ತೇವೆ ಎನ್ನುತ್ತಿದ್ದೆವು.

ನಾನಿದ್ದದ್ದು ಒಂದು ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ, ಹೊರದೇಶಗಳ ಅಪಾಯವನ್ನು ಅಳೆಯುವ ವಿಭಾಗದಲ್ಲಿ. ವಿಭಾಗ ಎಂದರೆ ನಾಲ್ಕು ಮೇಜು, ಒಂದು ಕಿಟಕಿ. ಪ್ರತಿ ತಿಂಗಳೂ ಇಲ್ಲಿಂದ ಒಂದು ಪಟ್ಟಿ ಹೊರಡುತ್ತಿತ್ತು. ಒಂದೊಂದು ಸಾಲಿನಲ್ಲಿ ಒಂದೊಂದು ದೇಶ, ಪಕ್ಕದಲ್ಲಿ ಬಣ್ಣ. ಹಸಿರು ಇದ್ದರೆ ಆ ದೇಶಕ್ಕೆ ಮಾಲು ಕಳಿಸುವವರಿಗೆ ಶಾಖೆಯವರು ಧಾರಾಳವಾಗಿ ಸಾಲ ಕೊಡಬಹುದು, ಹಳದಿ ಇದ್ದರೆ ನೋಡಿಕೊಂಡು ಕೊಡಬಹುದು, ಕೆಂಪು ಇದ್ದರೆ ಮುಟ್ಟುವಂತಿಲ್ಲ. ಪಟ್ಟಿಯಲ್ಲಿ ಬೇರೆ ಕಾಲಮ್ಮುಗಳೂ ಇದ್ದವು. ಒಂದು ವರ್ಷದೊಳಗೆ ತೀರಿಸಬೇಕಾದ ಹೊರಸಾಲ ಎಷ್ಟು, ಅಲ್ಲಿನ ಸರ್ಕಾರ ಗಟ್ಟಿಯಿದೆಯೋ ಇಲ್ಲವೋ ಇತ್ಯಾದಿ. ಆದರೆ ಬಣ್ಣ ಬೀಳುತ್ತಿದ್ದದ್ದು ಮುಖ್ಯವಾಗಿ ತಿಂಗಳುಗಳ ಮೇಲೆ. ಮೂರಕ್ಕಿಂತ ಕಡಿಮೆಯಾದರೆ ಕೆಂಪು, ಮೂರು ದಾಟಿದರೆ ಹಳದಿ, ಅದಕ್ಕೂ ಬಹಳ ಮೇಲಿದ್ದರೆ ಹಸಿರು. ಶಾಖೆಯವರು ಬಣ್ಣವನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲ ಎಂದು ನಾವು ನಗಾಡುತ್ತಿದ್ದೆವು. ಆಮೇಲೆ ನಾನೇ ಶಾಖೆಗೆ ಬಂದೆ, ನಾನೂ ಬಣ್ಣವನ್ನೇ ಓದಿದೆ.

ಆ ಪಟ್ಟಿಯಲ್ಲಿ ನನ್ನದೊಂದು ಕೊಡುಗೆ ಇತ್ತು. ನನಗಿಂತ ಮುಂಚೆ ಇದ್ದವರು ತಿಂಗಳ ಆಮದು ಎಂದರೆ ಹಿಂದಿನ ಹನ್ನೆರಡು ತಿಂಗಳ ಸರಾಸರಿ ಎಂದು ಹಿಡಿಯುತ್ತಿದ್ದರು. ನಾನು ಅದನ್ನು ಮೂರು ತಿಂಗಳ ಸರಾಸರಿ ಮಾಡಿದೆ. ಹೋದ ವರ್ಷದ ಲೆಕ್ಕ ಹಳಸಲು, ಈಗಿನ ಖರ್ಚನ್ನು ಈಗಿನ ಅಂಕಿಗಳಿಂದಲೇ ಅಳೆಯಬೇಕು ಎಂದು ಎರಡು ಪುಟದ ಟಿಪ್ಪಣಿ ಬರೆದಿದ್ದೆ. ಸಾಹೇಬರು ಮೆಚ್ಚಿಕೊಂಡರು. ಒಂದು ಸಭೆಯಲ್ಲಿ ನನ್ನ ಕಡೆ ಕೈ ತೋರಿಸಿ ಇದು ಇವರ ಕೆಲಸ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಳ್ಳೇದಾಯಿತು, ಕೈಕಾಲು ತೊಳೆದುಕೊಳ್ಳಿ ಎಂದಳು. ನನಗೆ ಮಾತ್ರ ಬಹಳ ದಿನ ಎದೆ ಉಬ್ಬಿಕೊಂಡೇ ಇತ್ತು.

ನಿವೃತ್ತಿಗೆ ಮೂರು ವರ್ಷ ಇರುವಾಗ ಹೊಸಪೇಟೆಗೆ ವರ್ಗವಾಯಿತು. ನಾನು ಕೂಡ್ಲಿಗಿಯ ಕಡೆಯವನಾದ್ದರಿಂದ ಕೇಳಿ ಪಡೆದದ್ದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕಿನಲ್ಲಿ ಹೊರದೇಶಕ್ಕೆ ಮಾಲು ಕಳಿಸುವವರನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅಂಥವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಮಿಡಿಸೌತೆಯನ್ನು ಉಪ್ಪುನೀರಿನಲ್ಲಿ ಹಾಕಿ ಪೀಪಾಯಿ ತುಂಬಿ ಕಳಿಸುವ ಇಬ್ಬರು, ಗ್ರಾನೈಟ್ ಕಲ್ಲಿನವರು ಒಬ್ಬರು, ಮತ್ತೆ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ರಸ್ತೆಯಲ್ಲಿ ಒಣಮೆಣಸಿನಕಾಯಿಯ ಶೆಡ್ಡು ನಡೆಸುತ್ತಿದ್ದ ಒಬ್ಬ ಹೆಂಗಸು.

ಆಕೆಗೆ ಐವತ್ತರ ಆಸುಪಾಸು. ನನಗಿಂತ ಚಿಕ್ಕವಳಾದರೂ ನಾನು ಅಕ್ಕಾರೆ ಎನ್ನುತ್ತಿದ್ದೆ, ಆಕೆ ನನ್ನನ್ನು ಸಾಹೇಬ್ರ ಎನ್ನುತ್ತಿದ್ದಳು. ಗಂಡನಿಗೆ ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ. ಮೆಣಸಿನಕಾಯಿ ಪೂರ್ತಿ ಆಕೆಯದೇ. ಕೆಲಸ ಸರಳ. ಖಾರದ ಕಾಯಿ ಕೊಂಡು ತರುವುದು, ಹೆಣ್ಣಾಳುಗಳಿಂದ ತೊಟ್ಟು ಮುರಿಸುವುದು, ತೊಟ್ಟಿಲ್ಲದ ಕಾಯನ್ನು ಒತ್ತಿ ಚೀಲ ತುಂಬಿ ಕಂಟೇನರಿನಲ್ಲಿ ತೂತುಕುಡಿ ಬಂದರಿಗೆ ಕಳಿಸುವುದು. ಅಲ್ಲಿಂದ ಅದು ಒಂದು ದ್ವೀಪ ದೇಶಕ್ಕೆ ಹೋಗುತ್ತಿತ್ತು. ಅಲ್ಲಿ ಒಬ್ಬನೇ ವ್ಯಾಪಾರಿ, ಎಂಟು ವರ್ಷದ ನಂಟು, ತಿಂಗಳಿಗೆ ಒಂದು ಕಂಟೇನರು. ಒಂದೇ ದೇಶ, ಒಬ್ಬನೇ ಗಿರಾಕಿ ಎಂದು ನಾನು ಎಚ್ಚರಿಸಿದ್ದಕ್ಕೆ, ಹತ್ತು ಜನ ಇಟ್ಕೊಂಡು ಹತ್ತು ಜನರ ಕೂಡ ಜಗಳ ಆಡಾಕ ನನಗ ಪುರಸೊತ್ತಿಲ್ಲ ಎಂದಿದ್ದಳು.

ಶೆಡ್ಡಿಗೆ ಹೋದರೆ ಮೊದಲು ಹತ್ತು ನಿಮಿಷ ಕೆಮ್ಮುವುದೇ ಕೆಲಸ. ಘಾಟು ಮೂಗಿಗಲ್ಲ, ಗಂಟಲಿನ ಹಿಂದೆ ಎಲ್ಲೋ ಹೋಗಿ ಕೂರುತ್ತದೆ. ಸೆರಗಿನಿಂದ ಮುಖ ಕಟ್ಟಿಕೊಂಡು ಸಾಲಾಗಿ ಕೂತ ಹೆಂಗಸರು ನನ್ನ ಕೆಮ್ಮನ್ನು ಕಂಡು ಕಣ್ಣಿನಲ್ಲೇ ನಗುತ್ತಿದ್ದರು. ನಲವತ್ತು ಮಂದಿ. ಅರ್ಧಕ್ಕರ್ಧ ಕೋಗಳಿ ಕಡೆಯಿಂದ ಟೆಂಪೋದಲ್ಲಿ ಬರುತ್ತಿದ್ದರು, ಉಳಿದವರು ಕೊಟ್ಟೂರಿನವರೇ. ಇಬ್ಬರು ಸೇರಿದರೆ ದಿನಕ್ಕೆ ಒಂದು ಚೀಲ ತೊಟ್ಟು ಮುರಿಯುತ್ತಾರೆ.

ಬಾಗಿಲ ಪಕ್ಕದ ಗೋಡೆಗೆ ಕಪ್ಪು ಬಣ್ಣ ಬಳಿದಿದ್ದರು. ದಿನಾ ಬೆಳಿಗ್ಗೆ ಆಕೆ ಅದರ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಒಂದೇ ಒಂದು ಸಂಖ್ಯೆ ಬರೆಯುತ್ತಿದ್ದಳು. ಏನು ಎಂದು ಮೊದಲ ಸಲ ಹೋದಾಗ ಕೇಳಿದ್ದೆ. ಒಳಗಿರುವ ಕಾಯಿ ಎಷ್ಟು ದಿನದ ಕೆಲಸಕ್ಕೆ ಆಗುತ್ತದೆ ಎಂಬುದು. ಕೆಲಸಕ್ಕೆ ಬರುವವರು ಒಳಗೆ ಕಾಲಿಡುವಾಗಲೇ ಅದನ್ನು ನೋಡಿಕೊಳ್ಳುತ್ತಿದ್ದರು. ನಾಲ್ಕೋ ಐದೋ ಇದ್ದರೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು, ಹತ್ತಿದ್ದರೆ ನಿಶ್ಚಿಂತೆ. ಅವತ್ತು ಗೋಡೆಯ ಮೇಲೆ ಎಂಟು ಇತ್ತು. ಒಳಗೆ ನೂರ ಅರವತ್ತು ಚೀಲ, ನಲವತ್ತು ಹೆಂಗಸರು, ದಿನಕ್ಕೆ ಇಪ್ಪತ್ತು ಚೀಲ. ನಮ್ಮ ಕಚೇರಿಯ ಭಾಗಾಕಾರವೇ ಇದು, ದೇಶದ ಬದಲು ಶೆಡ್ಡು, ಡಾಲರಿನ ಬದಲು ಚೀಲ ಎಂದುಕೊಂಡು ಖುಷಿಪಟ್ಟೆ. ಆಕೆಗೂ ಹೇಳಿದೆ. ನಾನು ದೊಡ್ಡ ದೊಡ್ಡ ದೇಶಗಳಿಗೆ ಮಾಡುತ್ತಿದ್ದದ್ದನ್ನು ನೀವು ಸುಣ್ಣದ ಕಡ್ಡಿಯಲ್ಲಿ ಮಾಡುತ್ತಿದ್ದೀರಿ ಎಂದೆ. ಹೊಗಳಿದೆನೋ ನನ್ನನ್ನೇ ಹೊಗಳಿಕೊಂಡೆನೋ ಈಗ ಹೇಳುವುದು ಕಷ್ಟ.

ನಾನು ಬಂದ ಎರಡನೇ ವರ್ಷ ಆ ದ್ವೀಪದ ಸಾಲು ಪಟ್ಟಿಯಲ್ಲಿ ಕೆಂಪಾಯಿತು. ನಿಜವಾದ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ತಿಳಿಯಲು ಸುಲಭವಾಗಲಿ ಎಂದು ಹೀಗೆ ಇಟ್ಟುಕೊಳ್ಳೋಣ. ಮೀಸಲು ಐವತ್ತು, ತಿಂಗಳ ಆಮದು ಇಪ್ಪತ್ತು. ಭಾಗಿಸಿದರೆ ಎರಡೂವರೆ ತಿಂಗಳು. ಮೂರಕ್ಕಿಂತ ಕಡಿಮೆ, ಆದ್ದರಿಂದ ಕೆಂಪು. ನಾನು ಆಕೆಗೆ ಫೋನು ಮಾಡಿ, ಈ ದೇಶದ ಬಿಲ್ಲುಗಳ ಮೇಲೆ ಬ್ಯಾಂಕು ಇನ್ನು ಮುಂಗಡ ಕೊಡುವುದಿಲ್ಲ ಎಂದೆ.

ಮುಂಗಡವಿಲ್ಲದೆ ಆಕೆಯ ವ್ಯವಹಾರ ನಡೆಯುವಂತಿರಲಿಲ್ಲ. ಮಾಲು ಹಡಗು ಹತ್ತಿದ ಮೇಲೆ ಅದರ ದಾಖಲೆ ಬ್ಯಾಂಕಿಗೆ ಕೊಡುತ್ತಾಳೆ, ಬ್ಯಾಂಕು ಹೆಚ್ಚಿನ ಪಾಲನ್ನು ಮೊದಲೇ ಕೊಡುತ್ತದೆ. ಗಿರಾಕಿಯ ದುಡ್ಡು ಎರಡು ಮೂರು ತಿಂಗಳಿಗೆ ಬಂದಾಗ ಬ್ಯಾಂಕು ತನ್ನದನ್ನು ಮುರಿದುಕೊಳ್ಳುತ್ತದೆ. ಬರದಿದ್ದರೆ ಅದು ಆಕೆಯ ತಲೆಯ ಮೇಲೆ. ಆ ಮುಂಗಡದಿಂದಲೇ ಮುಂದಿನ ಕಾಯಿ, ಮುಂದಿನ ಕೂಲಿ. ಅದು ನಿಂತ ಮೇಲೆ ಆಕೆ ಸುತ್ತಲ ಊರಿನ ಖಾರದಪುಡಿ ಗಿರಣಿಗಳಿಗೆ ಸಿಕ್ಕ ಬೆಲೆಗೆ ಒಂದಿಷ್ಟು ಮಾರಿಕೊಂಡು ದಿನ ತಳ್ಳಿದಳು. ನಾಲ್ಕು ತಿಂಗಳು ಹೀಗೆ ಹೋಯಿತು. ವಾರಕ್ಕೊಮ್ಮೆ ಫೋನು ಮಾಡಿ, ಬಣ್ಣ ಬದಲಾತೇನ್ರಿ ಎಂದು ಕೇಳುತ್ತಿದ್ದಳು. ಆಕೆ ದೇಶದ ಹೆಸರನ್ನೂ ಹೇಳುತ್ತಿರಲಿಲ್ಲ, ಬಣ್ಣ ಎಂದರೆ ಸಾಕಾಗಿತ್ತು.

ಐದನೇ ತಿಂಗಳ ಪಟ್ಟಿ ಬಂತು. ದ್ವೀಪದ ಸಾಲಿನಲ್ಲಿ ಮೂರೂವರೆ ತಿಂಗಳು, ಬಣ್ಣ ಹಳದಿ. ನನಗೆ ನಿಜಕ್ಕೂ ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಸುದ್ದಿಯಲ್ಲ ಎಂದು ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಕೊಟ್ಟೂರಿಗೇ ಹೋದೆ.

ಶೆಡ್ಡಿನ ಬಾಗಿಲಲ್ಲೇ ನನ್ನ ಕಣ್ಣು ಗೋಡೆಗೆ ಹೋಯಿತು. ಹನ್ನೆರಡು ಎಂದಿತ್ತು. ಓಹೋ, ಇಲ್ಲೂ ಒಳ್ಳೆಯದೇ ನಡೆದಿದೆ ಅಂದುಕೊಂಡೆ. ಮೊದಲ ಸಲ ಬಂದಾಗ ಎಂಟಿದ್ದದ್ದು ಹನ್ನೆರಡಾಗಿದೆ, ಹೊಸ ಮಾಲು ಬಂತೇನು ಎಂದು ಕೇಳಿದೆ.

ಆಕೆ ತಕ್ಕಡಿಯ ಹತ್ತಿರ ನಿಂತವಳು ತಿರುಗಿ ನೋಡಿದಳು. “ಮಾಲೆಲ್ಲಿ ಬಂತ್ರಿ ಸಾಹೇಬ್ರ. ಆಳು ಬಂದಿಲ್ಲ. ಅರ್ಧ ಮಂದಿ ಉಳ್ಳಾಗಡ್ಡಿ ಕೀಳಾಕ ಹೋಗ್ಯಾರ.”

ಒಳಗೆ ನೋಡಿದರೆ ಹೌದು, ಈರುಳ್ಳಿ ಹೊಲಕ್ಕೆ ಹೋದವರು ಹೋಗಿ ಇಪ್ಪತ್ತೇ ಜನ. ಚೀಲಗಳೂ ನೂರ ಅರವತ್ತರಿಂದ ನೂರ ಇಪ್ಪತ್ತಕ್ಕೆ ಇಳಿದಿದ್ದವು. ದಿನಕ್ಕೆ ಹತ್ತೇ ಚೀಲ ಮುರಿದರೆ ನೂರ ಇಪ್ಪತ್ತು ಚೀಲ ಹನ್ನೆರಡು ದಿನ ಬರುತ್ತದೆ, ಅದರಲ್ಲಿ ಆಶ್ಚರ್ಯವೇನು. ಹಾಗೋ ಎಂದು ನಕ್ಕು ನನ್ನ ಚೀಲದಿಂದ ಪಟ್ಟಿಯನ್ನು ತೆಗೆದೆ. ನನ್ನ ಜೀವನದಲ್ಲಿ ಒಂದು ಪಾಠ ಇಷ್ಟು ಹತ್ತಿರ ಬಂದು ನನ್ನ ಮೂಗಿಗೆ ಬಡಿದದ್ದು ಬೇರೆ ಯಾವಾಗಲೂ ಇಲ್ಲ. ನಾನು ಮೂಗು ಒರೆಸಿಕೊಂಡು ಕೆಮ್ಮಿದೆ ಅಷ್ಟೇ.

ಕೊಟ್ಟೂರಿನಿಂದ ಮಂಡಕ್ಕಿ, ಮಿರ್ಚಿಬಜ್ಜಿ ತರಿಸಿದಳು. ಮೆಣಸಿನಕಾಯಿಯ ಶೆಡ್ಡಿನಲ್ಲಿ ಕೂತು ಮಿರ್ಚಿ ತಿನ್ನುವ ಧೈರ್ಯ ಪರವೂರಿನವರಿಗೆ ಇರಲಿಕ್ಕಿಲ್ಲ. ತಿನ್ನುತ್ತಾ ನಾನು ವಿವರಿಸಿದೆ. ದ್ವೀಪದವರ ಹತ್ತಿರ ಈಗ ಮೂರೂವರೆ ತಿಂಗಳ ಆಮದಿಗೆ ಸಾಲುವಷ್ಟು ಮೀಸಲಿದೆ, ನಾಲ್ಕು ತಿಂಗಳ ಹಿಂದೆ ಎರಡೂವರೆ ಇತ್ತು, ಪರಿಸ್ಥಿತಿ ಸುಧಾರಿಸಿದೆ, ಬ್ಯಾಂಕು ಮುಂಗಡ ಕೊಡುತ್ತದೆ, ಕಂಟೇನರು ಕಳಿಸಬಹುದು.

ಆಕೆಗೆ ಸಮಾಧಾನವಾಗಲಿಲ್ಲ. ಗಿರಾಕಿ ಫೋನಿನಲ್ಲಿ ಬೇರೆಯೇ ಹೇಳುತ್ತಿದ್ದಾನೆ ಎಂದಳು. ಅಲ್ಲಿ ಬಹಳ ಸರಕಿಗೆ ತಡೆ ಹಾಕಿದ್ದಾರೆ, ಕಾರು, ಹೆಂಚು, ಹಣ್ಣು, ಬಟ್ಟೆ ಯಾವುದೂ ಒಳಗೆ ಬರುತ್ತಿಲ್ಲ. ಮೆಣಸಿನಕಾಯಿಗೆ ಇನ್ನೂ ಹಾಕಿಲ್ಲ, ಆದರೆ ಡಾಲರು ಕೇಳಿದರೆ ಅವನ ಬ್ಯಾಂಕಿನವರು ಸಾಲಿನಲ್ಲಿ ನಿಲ್ಲು ಅನ್ನುತ್ತಾರೆ. ತಿಂಗಳಿಗೆ ಒಂದು ಕಂಟೇನರು ತರಿಸುತ್ತಿದ್ದವನು ಈಗ ಮೂರು ತಿಂಗಳಿಗೆ ಒಂದು ಸಾಕು ಅನ್ನುತ್ತಿದ್ದಾನೆ. ಹಾಗಾದರೆ ಸುಧಾರಿಸಿದ್ದು ಎಲ್ಲಿ ಎಂದು ಕೇಳಿದಳು.

ವ್ಯಾಪಾರಿಗಳು ಬೆಲೆ ಇಳಿಸಲು ನೂರು ಕಥೆ ಹೇಳುತ್ತಾರೆ ಎಂದೆ. ಒಬ್ಬ ಗಿರಾಕಿಯ ಮಾತಿನಿಂದ ದೇಶವನ್ನು ಅಳೆಯಬಾರದು, ಅದಕ್ಕೆ ಅಂಕಿ ಇದೆ ಎಂದೆ. ಆ ಕಾಲಮ್ಮನ್ನು ರೂಪಿಸಿದವನೇ ನಾನು ಎಂದೂ ಹೇಳಿದೆ. ಹೇಳದೆ ಇದ್ದಿದ್ದರೆ ಆಕೆ ಇನ್ನೊಂದು ವಾರ ತಡೆಯುತ್ತಿದ್ದಳೋ ಏನೋ.

ಆಕೆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹಳದಿ ಚೌಕದ ಮೇಲೆ ಬೆರಳಿಟ್ಟಳು. ಬೆರಳಿನ ಕೆಂಪು ಅದಕ್ಕೆ ಹತ್ತಿತು. ಇಪ್ಪತ್ತು ಜನರ ಕಡೆ ಒಮ್ಮೆ ನೋಡಿದಳು. ಉಳ್ಳಾಗಡ್ಡಿ ಮುಗಿದ ಮೇಲೆ ಉಳಿದವರೂ ವಾಪಸ್ಸು ಬರುತ್ತಾರೆ, ಬಂದಾಗ ಕೆಲಸ ಕೊಡಬೇಕು ಎಂದಳು. “ನೀವು ಹೇಳ್ತೀರಿ ಅಂದ್ರ ಕಳಸ್ತೀನ್ರಿ” ಎಂದಳು.

ನಾನು ಹೊಸಪೇಟೆಗೆ ವಾಪಸ್ಸಾದೆ. ಮೊದಲೇ ತೊಟ್ಟು ಮುರಿದಿಟ್ಟಿದ್ದ ಕಾಯೂ ಸೇರಿ ಒಂಬತ್ತು ದಿನಕ್ಕೆ ಕಂಟೇನರು ತುಂಬಿ ಹೊರಟಿತು. ಹೊರಟ ಮೂರನೇ ದಿನ ನಾನು ಆಕೆಯ ಮುಂಗಡದ ಟಿಪ್ಪಣಿ ಬರೆಯಲು ಕೂತೆ. ಹಳದಿ ದೇಶವಾದರೆ ಹಿಂದಿನ ಪಟ್ಟಿ ಮತ್ತು ಈಗಿನ ಪಟ್ಟಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದು ಪ್ಯಾರಾ ಬರೆಯಬೇಕೆಂದು ನಿಯಮ. ಅದಕ್ಕಾಗಿ, ಆ ಮೂರೂವರೆ ತಿಂಗಳು ಯಾವ ಅಂಕಿಗಳಿಂದ ಬಂತು ಎಂದು ಮೊದಲ ಬಾರಿಗೆ ನೋಡಿದೆ.

ಮೀಸಲು ಐವತ್ತಿದ್ದದ್ದು ನಲವತ್ತೆರಡಕ್ಕೆ ಇಳಿದಿತ್ತು. ಏರಿರಲಿಲ್ಲ, ಇಳಿದಿತ್ತು. ಆಮದು ಮಾತ್ರ ತಿಂಗಳಿಗೆ ಇಪ್ಪತ್ತಿದ್ದದ್ದು ಹನ್ನೆರಡಕ್ಕೆ ಬಂದಿತ್ತು, ಏಕೆಂದರೆ ಅವರು ಬಾಗಿಲು ಹಾಕಿಕೊಂಡಿದ್ದರು. ನಲವತ್ತೆರಡನ್ನು ಹನ್ನೆರಡರಿಂದ ಭಾಗಿಸಿದರೆ ಮೂರೂವರೆ. ಹಳೆಯ ಹನ್ನೆರಡು ತಿಂಗಳ ಸರಾಸರಿಯಲ್ಲಿ ಒಂಬತ್ತು ತಿಂಗಳು ಇಪ್ಪತ್ತು, ಮೂರು ತಿಂಗಳು ಹನ್ನೆರಡು, ಅಂದರೆ ಸರಾಸರಿ ಹದಿನೆಂಟು. ಅದರಿಂದ ಭಾಗಿಸಿದ್ದರೆ ಎರಡೂ ಕಾಲಿಗಿಂತ ಚೂರು ಮೇಲೆ. ಕೆಂಪು. ಮೊದಲಿಗಿಂತ ಕೆಟ್ಟ ಕೆಂಪು. ನಾನು ಹಳಸಲು ಎಂದು ಎಸೆದ ಸರಾಸರಿ ಸರಿಯಾಗಿ ಹೇಳುತ್ತಿತ್ತು, ನನ್ನ ತಾಜಾ ಸರಾಸರಿ ಸುಳ್ಳು ಹೇಳುತ್ತಿತ್ತು. ಸುಳ್ಳು ಎಂದರೂ ತಪ್ಪೇ. ಅದು ಹೇಳಿದ್ದು ಇಷ್ಟೇ: ಹೀಗೆ ಏನನ್ನೂ ತರಿಸಿಕೊಳ್ಳದೆ ಇದ್ದರೆ ಇಷ್ಟು ದಿನ ಇರುತ್ತೇವೆ. ಅವರಿಗೆ ಮಾಲು ಮಾರಲು ಹೊರಟವರಿಗೆ ನಾನು ಅದನ್ನು ಶುಭಸುದ್ದಿ ಎಂದು ಓದಿ ಹೇಳಿದ್ದೆ.

ಅದೇ ಗಳಿಗೆಯಲ್ಲಿ ಶೆಡ್ಡಿನ ಗೋಡೆ ನೆನಪಾಯಿತು. ಹನ್ನೆರಡು. ಮಾಲೆಲ್ಲಿ ಬಂತು, ಆಳು ಬಂದಿಲ್ಲ.

ಕಾಲಮ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಆ ನಲವತ್ತೆರಡರಲ್ಲಿ ಒಂದು ಪಾಲು ಬೇರೊಂದು ದೇಶ ಷರತ್ತಿನ ಮೇಲೆ ಕೊಟ್ಟದ್ದು, ಷರತ್ತು ತೀರುವ ತನಕ ಮುಟ್ಟುವಂತಿಲ್ಲ. ಅದನ್ನೂ ಕಳೆದು ನೋಡುವ ಗೋಜಿಗೆ ನಾನು ಹೋಗಲಿಲ್ಲ.

ಮುಂದೆ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮುಖ್ಯ ಕಚೇರಿಗೆ ಒಂದು ಪತ್ರ ಬರೆದೆ. ಆಮದಿಗೆ ತಡೆ ಹಾಕಿದ ದೇಶಗಳ ವಿಷಯದಲ್ಲಿ ಮೂರು ತಿಂಗಳ ಸರಾಸರಿ ದಾರಿ ತಪ್ಪಿಸಬಹುದು, ಹನ್ನೆರಡು ತಿಂಗಳದ್ದನ್ನೋ ಮುಂದಿನ ವರ್ಷದ ಅಂದಾಜು ಆಮದನ್ನೋ ಹಿಡಿಯುವುದು ಲೇಸು, ಮೀಸಲಿನಲ್ಲಿ ನಿಜಕ್ಕೂ ಬಳಸಬಹುದಾದದ್ದನ್ನು ಮಾತ್ರ ಎಣಿಸಬೇಕು, ತಿಂಗಳುಗಳ ಪಕ್ಕದಲ್ಲಿ ಮೀಸಲು ಏರಿತೋ ಇಳಿಯಿತೋ ಎಂಬುದನ್ನೂ ತೋರಿಸಬೇಕು ಎಂದು ಮೂರು ಪುಟ. ಒಳ್ಳೆಯ ಪತ್ರ. ಆ ಕಾಲಮ್ಮು ಯಾರದು ಎಂಬುದನ್ನು ಅದರಲ್ಲಿ ಬರೆಯಲಿಲ್ಲ. ಆಮೇಲೆ ಆಕೆಯ ಮುಂಗಡದ ಟಿಪ್ಪಣಿಗೆ, ಪಟ್ಟಿಯ ಪ್ರಕಾರ ದೇಶ ಹಳದಿ ವರ್ಗದಲ್ಲಿದೆ ಎಂದು ಬರೆದು ಸಹಿ ಹಾಕಿದೆ. ಪಟ್ಟಿಯ ಪ್ರಕಾರ ಅದು ಹಳದಿಯೇ ಆಗಿತ್ತು.

ಆಕೆಗೆ ಫೋನು ಮಾಡಲಿಲ್ಲ. ಬ್ಯಾಂಕಿನ ಪಟ್ಟಿ ತಪ್ಪು ಎಂದು ಬ್ಯಾಂಕಿನವನೇ ಗಿರಾಕಿಗೆ ಹೇಳುವಂತಿಲ್ಲ, ಪತ್ರಕ್ಕೆ ಉತ್ತರ ಬರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಕಂಟೇನರು ತೂತುಕುಡಿಯಲ್ಲಿ ಹಡಗಿಗಾಗಿ ಇನ್ನೂ ಆರು ದಿನ ಕಾದು ನಿಂತಿತ್ತು. ಬಂದರಿನ ಏಜೆಂಟನಿಗೆ ಹೇಳಿದರೆ ಸ್ವಲ್ಪ ಖರ್ಚಾಗುತ್ತದೆ, ಆದರೆ ಹಡಗು ಹತ್ತುವ ಮುಂಚೆ ಮಾಲನ್ನು ವಾಪಸ್ಸು ತರಿಸಬಹುದು. ಅದು ನನಗೆ ಗೊತ್ತಿತ್ತು. ಒಂದು ಸಲ ಫೋನು ಕೈಗೆತ್ತಿಕೊಂಡು ಆಕೆಯ ಹೆಸರಿನ ತನಕ ಹೋಗಿ ಇಟ್ಟುಬಿಟ್ಟೆ. ನಿಯಮದ ಮಾತು ನೆಪ. ಮಂಡಕ್ಕಿ ತಿನ್ನುತ್ತಾ ಇದು ನಾನೇ ರೂಪಿಸಿದ್ದು ಎಂದು ಹೇಳಿ ಬಂದಿದ್ದೆನಲ್ಲ, ಅದನ್ನು ವಾಪಸ್ಸು ನುಂಗಲು ನನ್ನಿಂದ ಆಗಲಿಲ್ಲ.

ಉತ್ತರ ಎರಡು ತಿಂಗಳಿಗೆ ಬಂತು. ಸಲಹೆಗೆ ಧನ್ಯವಾದ, ವಾರ್ಷಿಕ ಪರಿಶೀಲನೆಯಲ್ಲಿ ಗಮನಿಸಲಾಗುವುದು ಎಂದಿತ್ತು. ಅಷ್ಟರಲ್ಲಿ ದ್ವೀಪ ತಾನಾಗಿಯೇ ಕೆಂಪಾಗಿತ್ತು. ಎಷ್ಟೇ ತಡೆ ಹಾಕಿದರೂ ಎಣ್ಣೆ, ಅನಿಲ, ಔಷಧಿಯನ್ನು ನಿಲ್ಲಿಸುವಂತಿಲ್ಲ. ಹೊರಸಾಲದ ಕಂತುಗಳಂತೂ ಆಮದಿನ ಲೆಕ್ಕದಲ್ಲೇ ಬರುವುದಿಲ್ಲ, ಆದರೆ ಹೋಗುವುದು ಅದೇ ಮೀಸಲಿನಿಂದ. ಭಾಗಾಕಾರದಲ್ಲಿ ಕೆಳಗಿನ ಸಂಖ್ಯೆಯನ್ನು ಒಂದು ಮಟ್ಟಕ್ಕಿಂತ ಕುಗ್ಗಿಸಲಾಗುವುದಿಲ್ಲ, ಮೇಲಿನದು ಕುಗ್ಗುತ್ತಲೇ ಇತ್ತು.

ಆಕೆಯ ಗಿರಾಕಿ ಮರ್ಯಾದಸ್ಥ. ಮಾಲು ಬಿಡಿಸಿಕೊಂಡ, ಗಡುವು ಬಂದಾಗ ತನ್ನ ದೇಶದ ದುಡ್ಡಿನಲ್ಲಿ ಅಷ್ಟನ್ನೂ ತನ್ನ ಬ್ಯಾಂಕಿಗೆ ಕಟ್ಟಿದ. ಕಟ್ಟಿದ ರಸೀದಿಯ ಚಿತ್ರವನ್ನೂ ಆಕೆಯ ಫೋನಿಗೆ ಕಳಿಸಿದ. ಆದರೆ ಅದನ್ನು ಡಾಲರಾಗಿಸಿ ಕಳಿಸಲು ಆ ಬ್ಯಾಂಕಿನ ಹತ್ತಿರ ಡಾಲರು ಇರಲಿಲ್ಲ. ಕೊಡುವವನು ಕೊಟ್ಟಾಗಿದೆ, ತೆಗೆದುಕೊಳ್ಳುವವಳಿಗೆ ಬಂದಿಲ್ಲ. ವಿಮೆ ಇತ್ತು, ಅದಕ್ಕೂ ತಿಂಗಳುಗಟ್ಟಲೆ ಕಾಯುವ ಅವಧಿ. ಅಷ್ಟರವರೆಗೆ ಮುಂಗಡದ ಬಡ್ಡಿ ಆಕೆಯ ಮೇಲೆ. ಆ ಬಡ್ಡಿಯ ನೋಟೀಸಿಗೆ ಸಹಿ ನನ್ನದೇ. ನಾನು ನಿವೃತ್ತನಾಗುವ ದಿನವೂ ಆ ಬಿಲ್ಲು ಬಾಕಿಯ ಪಟ್ಟಿಯಲ್ಲಿತ್ತು.

ಈಗ ಕೂಡ್ಲಿಗಿಯಲ್ಲಿದ್ದೇನೆ. ಬೆಳಿಗ್ಗೆ ಪತ್ರಿಕೆಯಲ್ಲಿ ಯಾವುದಾದರೂ ದೇಶದ ಮೀಸಲು ಇಷ್ಟು ತಿಂಗಳ ಆಮದಿಗೆ ಸಾಕು ಎಂದು ಓದಿದರೆ, ಯಾವ ತಿಂಗಳ ಆಮದು ಎಂದು ಬಾಯಿಬಿಟ್ಟು ಕೇಳುತ್ತೇನೆ. ಯಾರನ್ನು ಕೇಳುತ್ತಿದ್ದೀರಿ ಎಂದು ಹೆಂಡತಿ ಒಳಗಿನಿಂದ ಕೇಳುತ್ತಾಳೆ.

ಹೋದ ವರ್ಷ ಹರಪನಹಳ್ಳಿಯಲ್ಲಿ ಒಂದು ಮದುವೆಗೆ ಹೋದವನು ಬರುವಾಗ ಕೊಟ್ಟೂರಿನಲ್ಲಿ ಇಳಿದೆ. ಇಳಿಯಬೇಕೆಂದು ಮೊದಲೇ ತೀರ್ಮಾನಿಸಿದ್ದೆ, ಮದುವೆ ನೆಪ. ಕಂಟೇನರು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಹಿಂದಿನ ತಿಂಗಳಷ್ಟೇ ದುಡ್ಡು ಬಂದು ಬಡ್ಡಿ ಕಳೆದು ಏನೋ ಉಳಿಯಿತು ಎಂದು ಕಚೇರಿಯ ಹಳೆಯ ಗೆಳೆಯನೊಬ್ಬ ಹೇಳಿದ್ದ. ಶೆಡ್ಡಿನ ತನಕ ಆಟೋದಲ್ಲಿ ಹೋದೆ. ಬಾಗಿಲಲ್ಲಿ ಟೆಂಪೋ ಇರಲಿಲ್ಲ. ಒಳಗೆ ಕಾಲಿಟ್ಟರೆ ಕೆಮ್ಮು ಬರಲಿಲ್ಲ, ಅಷ್ಟು ಘಾಟೇ ಇರಲಿಲ್ಲ.

ಆಕೆ ನೆಲದ ಮೇಲೆ ಕೂತು ತೊಟ್ಟು ಮುರಿಯುತ್ತಿದ್ದಳು. ಎದುರಿಗೆ ಇನ್ನೊಬ್ಬಳು ವಯಸ್ಸಾದ ಹೆಂಗಸು. ಬರ್ರಿ ಸಾಹೇಬ್ರ ಎಂದು ಕೈ ಒರೆಸಿಕೊಂಡು ಏಳಲು ಹೋದಳು, ಬೇಡ ಎಂದು ನಾನೇ ಒಂದು ಖಾಲಿ ಚೀಲ ಹಾಸಿಕೊಂಡು ಕೂತೆ. ಬಂದ ಮುಂಗಡ ಕಾಯಿಯ ಹಳೆಯ ಬಾಕಿಗೇ ಹೋಗಿ, ಉಳ್ಳಾಗಡ್ಡಿ ಮುಗಿಸಿ ವಾಪಸ್ಸು ಬಂದವರಿಗೆ ಕೂಲಿ ಕೊಡಲು ಆಗಲಿಲ್ಲವಂತೆ. ಎರಡು ವಾರ ನೋಡಿ ಕೆಲವರು ಮಿಡಿಸೌತೆಯ ಕಡೆ ಹೋದರು, ಕೋಗಳಿಯವರು ಬರುವುದನ್ನೇ ಬಿಟ್ಟರು. ಈಗ ದುಡ್ಡು ಬಂದಿದೆ, ಆದರೆ ಅವರು ಬರುವುದಿಲ್ಲ. ಒಮ್ಮೆ ಬೇರೆ ಕೆಲಸ ಹಿಡಿದವರು ಯಾಕೆ ಬರುತ್ತಾರೆ ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ.

ನಾನು ಹೇಳಲು ಬಂದದ್ದನ್ನು ಹೇಳಿದೆ. ಅವತ್ತು ಓದಿದ ಲೆಕ್ಕ ತಪ್ಪು ಎಂದೆ, ತಿಂಗಳು ಹೆಚ್ಚಾದದ್ದು ಮೀಸಲು ಬೆಳೆದು ಅಲ್ಲ, ಖರೀದಿ ನಿಂತು ಎಂದೆ. ಅದು ಆಕೆಗೆ ಆವತ್ತೇ ಗೊತ್ತಿತ್ತು, ತಲೆಯಾಡಿಸಿದಳು. ಕಂಟೇನರು ಬಂದರಿನಲ್ಲಿದ್ದಾಗಲೇ ನನಗೆ ತಿಳಿದಿತ್ತು ಎಂದೂ ಹೇಳಿದೆ. ಹಡಗು ಹೊರಡಲು ಆರು ದಿನ ಇತ್ತು ಎಂದೆ. ಮುಖ್ಯ ಕಚೇರಿಗೆ ಪತ್ರ ಬರೆದೆ ಎಂದೆ.

ಆಕೆಯ ಕೈ ನಿಂತಿತು. ಆಮೇಲೆ, “ನನ್ನ ಫೋನ್ ನಂಬರ್ ಇತ್ತಲ್ರಿ ನಿಮ್ಮ ಹತ್ರ?” ಎಂದು ಕೇಳಿದಳು.

ಇತ್ತು ಎಂದೆ. ಆಕೆ ಮತ್ತೆ ತೊಟ್ಟು ಮುರಿಯಲು ಶುರು ಮಾಡಿದಳು.

ಏಳುವಾಗ ಚೀಲಗಳನ್ನು ಎಣಿಸಿದೆ, ಹಳೆಯ ಚಟ. ತೊಂಬತ್ತು ಇದ್ದವು. ಬಾಗಿಲು ದಾಟುವಾಗ ಗೋಡೆಯನ್ನು ನೋಡಬಾರದು ಅಂದುಕೊಂಡರೂ ನೋಡಿದೆ. ಆಕೆ ಬೆಳಿಗ್ಗೆ ಎಂದಿನಂತೆ ಬರೆದಿದ್ದಳು. ಇಬ್ಬರೇ ಕೂತರೆ ದಿನಕ್ಕೆ ಒಂದು ಚೀಲ. ಗೋಡೆಯ ಮೇಲೆ ತೊಂಬತ್ತು ಎಂದಿತ್ತು, ಅಷ್ಟು ದೊಡ್ಡ ಸಂಖ್ಯೆಯನ್ನು ನಾನು ಆ ಶೆಡ್ಡಿನಲ್ಲಿ ಯಾವತ್ತೂ ನೋಡಿರಲಿಲ್ಲ.